ಪಿಒ 500, ಎಣಿಸಿದ್ದು 488, ಬಿಲ್ 500ಕ್ಕೆ. ಸಿಸ್ಟಮ್ ಹಿಡಿದದ್ದು ಮಾತ್ರ ದರದ ವ್ಯತ್ಯಾಸ. ಇದನ್ನ ಬಿಡಬಹುದಾ?

ಪಾವತಿ ಡೆಸ್ಕ್

ಎಲ್ಲರಿಗೂ ನಮಸ್ಕಾರ. ನಾನು ಅಕೌಂಟ್ಸ್‌ನಲ್ಲಿ ಸಪ್ಲೈಯರ್ ಬಿಲ್ ನೋಡಿಕೊಳ್ಳುವವಳು. ಒಂದು ಬಿಲ್ ಸಿಕ್ಕಿಹಾಕಿಕೊಂಡಿದೆ. ಒಬ್ಬೊಬ್ಬರು ಒಂದೊಂದು ಹೇಳ್ತಿದ್ದಾರೆ, ಅದಕ್ಕೆ ಇಲ್ಲಿ ಕೇಳ್ತಿದ್ದೇನೆ.

ವಿಷಯ ಹೀಗಿದೆ. ಬೇರಿಂಗ್‌ಗೆ ಪಿಒ, ಅಂದ್ರೆ ಖರೀದಿ ಆರ್ಡರ್, ಹಾಕಿದ್ದು 500ಕ್ಕೆ, ಒಂದಕ್ಕೆ 120ರ ದರ, ಒಟ್ಟು 60,000. ತೆರಿಗೆ ಸದ್ಯಕ್ಕೆ ಬಿಟ್ಟುಬಿಡಿ. ಮಾಲು ಎರಡು ಸಲ ಬಂತು. ಮೊದಲ ಸಲ 300, ಅದಕ್ಕೆ ಜಿಆರ್‌ಎನ್, ಅಂದ್ರೆ ಸ್ಟೋರ್‌ನವರು ಮಾಡುವ ಮಾಲು ಬಂದ ದಾಖಲೆ, ಆಗಿದೆ. ಎರಡನೇ ಸಲ ಚಲನ್‌ನಲ್ಲಿ 200 ಅಂತ ಇತ್ತು, ಸ್ಟೋರ್‌ನವರು ಎಣಿಸಿದಾಗ 188 ಸಿಕ್ಕಿತು, ಜಿಆರ್‌ಎನ್ 188ಕ್ಕೇ ಮಾಡಿದ್ದಾರೆ. ಆ 188ರಲ್ಲಿ 8 ಪೀಸ್‌ಗಳನ್ನು ಕ್ವಾಲಿಟಿಯವರು ರಿಜೆಕ್ಟ್ ಮಾಡಿ ಪಕ್ಕಕ್ಕೆ ಇಟ್ಟಿದ್ದಾರೆ.

ಸಪ್ಲೈಯರ್ ಎರಡಕ್ಕೂ ಸೇರಿಸಿ ಒಂದೇ ಬಿಲ್ ಕಳಿಸಿದ್ದಾರೆ. 500 ಪೀಸ್, ಒಂದಕ್ಕೆ 123ರಂತೆ, ಒಟ್ಟು 61,500.

ನಮ್ಮದು ಸ್ಯಾಪ್. MIROದಲ್ಲಿ ಬಿಲ್ ಎಂಟ್ರಿ ಮಾಡಿದಾಗ ಪೇಮೆಂಟ್ ಬ್ಲಾಕ್ ಬಿತ್ತು. ಆದರೆ ಬ್ಲಾಕ್ ದರಕ್ಕೆ ಮಾತ್ರ. ಕ್ವಾಂಟಿಟಿಗೆ ಏನೂ ಇಲ್ಲ. ಹಾಗಾದರೆ ಕ್ವಾಂಟಿಟಿ ಸರಿಯಿದೆ ಅಂತ ಅರ್ಥವಾ? ಪರ್ಚೇಸ್‌ನವರು "ದರ ನಾವು ಒಪ್ಪಿದ್ದೀವಿ, ರಿಲೀಸ್ ಮಾಡಿ" ಅಂತಾರೆ. ಇನ್ನೊಬ್ಬರು ಸ್ಟೋರ್‌ಗೆ ಫೋನ್ ಮಾಡಿ "ಜಿಆರ್‌ಎನ್ 500 ಮಾಡಿಬಿಡಿ, ಮ್ಯಾಚ್ ಆಗತ್ತೆ" ಅಂತ ಹೇಳಿದ್ರಂತೆ. ಇದು ನನಗೆ ಸರಿ ಕಾಣ್ತಿಲ್ಲ.

ಬಿಲ್ ಬಸಣ್ಣ

ಮೇಡಂ, ಇದಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಡಿ. ಸಿಸ್ಟಮ್ ಏನು ಹೇಳ್ತೋ ಅದನ್ನ ಸರಿ ಮಾಡಿ ಸಾಕು. ದರದ ಬ್ಲಾಕ್ ಇದೆ ಅಂದ್ರೆ ದರ ಒಪ್ಪೋ ಅಧಿಕಾರ ಇರೋದು ಪರ್ಚೇಸ್‌ಗೆ, ನಿಮಗಲ್ಲ. ಅವರಿಂದ ಮೇಲ್ ತಗೊಳ್ಳಿ, ಫೈಲ್‌ಗೆ ಹಾಕಿ, MRBRನಲ್ಲಿ ರಿಲೀಸ್ ಮಾಡಿ. ಒಟ್ಟು ವ್ಯತ್ಯಾಸ 60,000ಕ್ಕೆ 1,500 ಅಷ್ಟೇ, ಎರಡೂವರೆ ಪರ್ಸೆಂಟ್. ನಮ್ಮಲ್ಲಾದರೆ 5 ಪರ್ಸೆಂಟ್‌ವರೆಗೆ ಯಾರೂ ಕೇಳೋದೇ ಇಲ್ಲ. ಕ್ವಾಂಟಿಟಿ ತಪ್ಪಿದ್ದಿದ್ದರೆ ಅದಕ್ಕೂ ಬ್ಲಾಕ್ ಬೀಳ್ತಿತ್ತು, ಬಿದ್ದಿಲ್ಲ ಅಲ್ವಾ?

ಹಳೇ ಆಡಿಟರ್

ಬಸಣ್ಣ, ದರಕ್ಕೆ ಒಪ್ಪಿಗೆ ಕೊಡಬೇಕಾದವರು ಪರ್ಚೇಸ್‌ನವರು ಅನ್ನೋದು ಸರಿ. ಮಿಕ್ಕದ್ದು ಅಪಾಯ. ಕ್ವಾಂಟಿಟಿಗೆ ಬ್ಲಾಕ್ ಬಿದ್ದಿಲ್ಲ ಅಂದ್ರೆ ಕ್ವಾಂಟಿಟಿ ಸರಿಯಿದೆ ಅಂತಲ್ಲ, ವ್ಯತ್ಯಾಸ ಮಿತಿಯೊಳಗಿದೆ ಅಂತ ಅಷ್ಟೇ.

ಸ್ಯಾಪ್‌ನಲ್ಲಿ ಈ ಮಿತಿಗಳು ಇರೋದು OMR6ನಲ್ಲಿ. ದರಕ್ಕೆ PP ಅಂತ ಒಂದು ಕೀ, ಕ್ವಾಂಟಿಟಿಗೆ DQ ಅಂತ ಇನ್ನೊಂದು. DQ ಅನ್ನೋದು ಪೀಸ್ ಲೆಕ್ಕದಲ್ಲಿ ನೋಡಲ್ಲ. ಬಿಲ್‌ನಲ್ಲಿ ಜಾಸ್ತಿ ಇರುವ ಪೀಸ್‌ಗಳನ್ನು ಪಿಒ ದರದಿಂದ ಗುಣಿಸಿ, ಆ ಮೊತ್ತ ಮಿತಿ ದಾಟಿದೆಯಾ ಅಂತ ನೋಡುತ್ತದೆ. ನಿಮ್ಮ ಕೇಸಲ್ಲಿ 12 ಪೀಸ್ ಗುಣಿಸು 120, ಅಂದ್ರೆ 1,440. ನಿಮ್ಮ ಕಂಪನಿಯಲ್ಲಿ DQ ಮಿತಿ 2,000 ಅಂತ ಇಟ್ಟಿದ್ದರೆ ಅದು ಸದ್ದಿಲ್ಲದೆ ಒಳಗೆ ಹೋಗುತ್ತದೆ. ಅಗ್ಗದ ಸಾಮಾನಿನಲ್ಲಿ ಇದು ಇನ್ನೂ ಜೋರು. 2ರ ದರದ ನಟ್ಟು ಬೋಲ್ಟಾದರೆ 900 ಕಡಿಮೆ ಬಂದರೂ ಬ್ಲಾಕ್ ಬೀಳಲ್ಲ.

ಎರಡನೇದು ಆ 8 ರಿಜೆಕ್ಟ್ ಪೀಸ್. ಕ್ವಾಲಿಟಿಯವರು ಪಕ್ಕಕ್ಕೆ ಇಟ್ಟಿದ್ದಾರೆ ಅಂದ್ರಿ. ಶೆಲ್ಫ್ ಮೇಲೆ ಪಕ್ಕಕ್ಕೆ ಇಟ್ಟಿದ್ದಾರೋ, ಸಿಸ್ಟಮ್‌ನಲ್ಲೂ ರಿಟರ್ನ್ ಎಂಟ್ರಿ ಮಾಡಿದ್ದಾರೋ? 122 ಮೂವ್‌ಮೆಂಟ್ ಆಗದೆ ಇದ್ದರೆ ಸಿಸ್ಟಮ್ ಲೆಕ್ಕದಲ್ಲಿ ಬಂದದ್ದು ಇನ್ನೂ 488. ಸ್ಟಾಕ್ ಇನ್ಸ್‌ಪೆಕ್ಷನ್‌ನಲ್ಲಿರಲಿ, ಬ್ಲಾಕ್ಡ್‌ನಲ್ಲಿರಲಿ, ಒಮ್ಮೆ 101 ಹಾಕಿ ತಗೊಂಡಿದ್ದರೆ ಬಿಲ್ ಮ್ಯಾಚ್‌ಗೆ ಅದು ಬಂದ ಮಾಲೇ.

ಈಗ ಬಸಣ್ಣ ಹೇಳಿದ ಹಾಗೆ ದರದ ಬ್ಲಾಕ್ ಒಂದನ್ನ ತೆಗೆದರೆ ಹೋಗೋದು ಪೂರ್ತಿ 61,500. ಬಾರದೇ ಇರುವ 12ಕ್ಕೂ ಹಣ, ಕೆಟ್ಟ 8ಕ್ಕೂ ಹಣ, ಅದೂ ಹೊಸ ದರದಲ್ಲಿ. ರಿಲೀಸ್ ಮಾಡಿದವರು ಒಪ್ಪಿದ್ದು ದರವನ್ನ ಮಾತ್ರ, ಅದರ ಹಿಂದೆ ಕ್ವಾಂಟಿಟಿಯೂ ಸಲೀಸಾಗಿ ದಾಟಿತು.

ಪಾವತಿ ಡೆಸ್ಕ್

ಸರ್, ನೋಡಿದೆ. DQ ಮಿತಿ ನಮ್ಮಲ್ಲಿ 2,000ವೇ ಇದೆ! 122 ಎಂಟ್ರಿ ಆಗಿಲ್ಲ. ಪಿಒ ಹಿಸ್ಟರಿಯಲ್ಲಿ 300, 188 ಎರಡೇ ಕಾಣ್ತಿದೆ. ಈಗ ರಿಟರ್ನ್ ಎಂಟ್ರಿ ಮಾಡಿಸಿದರೆ ಬ್ಲಾಕ್ ತಾನಾಗಿಯೇ ಬೀಳತ್ತಾ? ಬಂದದ್ದು 480 ಅಂತ ಆದರೆ ವ್ಯತ್ಯಾಸ 20, ಅಂದ್ರೆ 2,400, ಮಿತಿ ದಾಟುತ್ತೆ.

ಹಳೇ ಆಡಿಟರ್

ನಿಮ್ಮ ಲೆಕ್ಕ ಸರಿ, ಆದರೆ ಬ್ಲಾಕ್ ತಾನಾಗಿ ಬೀಳಲ್ಲ. ಹೋಲಿಕೆ ಆಗೋದು ಬಿಲ್ ಪೋಸ್ಟ್ ಮಾಡುವ ಕ್ಷಣದಲ್ಲಿ. ಆಮೇಲೆ ರಿಟರ್ನ್ ಹಾಕಿದರೆ ಜಿಆರ್ಐಆರ್ ಖಾತೆಯಲ್ಲಿ ವ್ಯತ್ಯಾಸ ಉಳಿಯುತ್ತದೆ, ಪೇಮೆಂಟ್ ಅದಕ್ಕಾಗಿ ನಿಲ್ಲಲ್ಲ. ರಿಟರ್ನ್ ಮೊದಲು, ಬಿಲ್ ಆಮೇಲೆ ಆಗಿದ್ದರೆ ಸಿಸ್ಟಮ್ ತಾನೇ ಹಿಡಿಯುತ್ತಿತ್ತು. ಈಗ ದರದ ಬ್ಲಾಕ್ ಇದೆಯಲ್ಲ, ಸದ್ಯಕ್ಕೆ ನಿಮ್ಮನ್ನ ಕಾಯ್ತಿರೋದು ಅದೊಂದೇ. ಅದನ್ನ ಮುಟ್ಟಬೇಡಿ. ಬೇಕಿದ್ದರೆ ಬಿಲ್ ಮೇಲೆ ಕೈಯಾರೆ ಇನ್ನೊಂದು ಬ್ಲಾಕ್ ಹಾಕಿಡಿ.

ಗೋದಾಮು ಗುರು

ನಾನು ಸ್ಟೋರ್ ಕಡೆಯವನು. ಜಿಆರ್‌ಎನ್ ತಿದ್ದಿ ಅಂತ ಫೋನ್ ಬರೋದು ನಮಗೆ ಹೊಸದೇನಲ್ಲ. ನಿಮ್ಮ ಸ್ಟೋರ್‌ನವನು 188 ಅಂತಲೇ ಬರೆದಿದ್ದಾನಲ್ಲ, ಅವನಿಗೊಂದು ನಮಸ್ಕಾರ. ಅವನು 500 ಮಾಡಿದರೆ ಕಾಗದದ ಮೇಲೆ ಪಿಒ, ಜಿಆರ್‌ಎನ್, ಬಿಲ್ ಮೂರೂ ಹೊಂದಿಕೊಳ್ಳುತ್ತೆ, ವರ್ಷದ ಕೊನೆಯ ಸ್ಟಾಕ್ ಎಣಿಕೆಯಲ್ಲಿ 12 ಕಡಿಮೆ ಅಂತ ಬರತ್ತೆ, ಆಗ ಕಳ್ಳ ಯಾರು? ಅವನೇ.

ಒಂದು ಪ್ರಶ್ನೆ ಇದೆ. ಎರಡನೇ ಲೋಡಿನ ಚಲನ್ ಮೇಲೆ ಯಾರ ಸಹಿ ಇದೆ, ಏನಂತ ಬರೆದಿದ್ದಾರೆ? ಸಪ್ಲೈಯರ್ ಹಿಡಿಯೋದು ಅಲ್ಲೇ.

ಪಾವತಿ ಡೆಸ್ಕ್

ಅದೇ ತಲೆನೋವು. ಗಾಡಿ ಬಂದಾಗ ಕತ್ತಲಾಗಿತ್ತಂತೆ. ಗೇಟ್ ಸೆಕ್ಯುರಿಟಿ ಸೀಲ್ ಹಾಕಿ ಸಹಿ ಮಾಡಿದ್ದಾರೆ, 200 ಅಂತ ಅಚ್ಚಾಗಿರೋದರ ಕೆಳಗೆ. ಎಣಿಸಿದ್ದು ಮರುದಿನ ಬೆಳಿಗ್ಗೆ. ಸಪ್ಲೈಯರ್ ಆ ಚಲನ್‌ನ ಫೋಟೋ ಕಳಿಸಿ "200 ತಗೊಂಡಿದ್ದೀರಿ" ಅಂತಿದ್ದಾರೆ.

ಗೋದಾಮು ಗುರು

ಅಂದುಕೊಂಡೆ. ಗೇಟಿನ ಸಹಿ ಗಾಡಿ ಒಳಗೆ ಬಂತು ಅನ್ನೋದಕ್ಕೆ, ಮಾಲು ಎಣಿಸಿದ್ದೀವಿ ಅನ್ನೋದಕ್ಕಲ್ಲ. ಆದರೆ ಹಾಗಂತ ಬರೆದಿರದಿದ್ದರೆ ವಾದ ಮಾಡೋದು ಕಷ್ಟ. ನಮ್ಮ ಗೇಟಲ್ಲಿ ಸೀಲ್‌ನಲ್ಲೇ "ಎಣಿಕೆ ಮತ್ತು ತಪಾಸಣೆಗೆ ಒಳಪಟ್ಟು ಸ್ವೀಕರಿಸಿದೆ" ಅಂತ ಇದೆ. ಜೊತೆಗೆ ಕಡಿಮೆ ಬಂದರೆ ಮರುದಿನವೇ ಫೋಟೋ ಸಮೇತ ಸಪ್ಲೈಯರ್‌ಗೆ ಮೇಲ್ ಹೋಗತ್ತೆ. ಬಿಲ್ ಬಂದಮೇಲೆ "ಅಯ್ಯೋ 12 ಕಡಿಮೆ ಇತ್ತು" ಅಂದ್ರೆ ಅವರು ನಂಬೋದು ಹೇಗೆ? ನಿಮ್ಮವರು ಯಾವಾಗ ತಿಳಿಸಿದ್ರು?

ಸಪ್ಲೈಯರ್ ಕಡೆಯವ

ನಡುವೆ ಬಾಯಿ ಹಾಕ್ತೀನಿ, ನಾನು ಮಾಲು ಮಾರೋ ಕಡೆ ಇರೋನು. ನಿಮ್ಮ ಥರದ ಕಂಪನಿಗಳಿಂದ ನಾವು ಎಷ್ಟು ಅನುಭವಿಸ್ತೀವಿ ಗೊತ್ತಾ. 488 ಬಂದಿದೆ ಅಂತ ನೀವೇ ಒಪ್ತೀರಿ, 8 ಬಿಟ್ರೂ 480 ಸರಿಯಿದೆ. ಅಂದ್ರೆ 57,600ಕ್ಕೆ ಯಾರದ್ದೂ ತಕರಾರಿಲ್ಲ. ಆದ್ರೂ ಪೂರ್ತಿ ಬಿಲ್ ಹಿಡಿದಿಟ್ಟುಕೊಂಡು ಕೂತಿದ್ದೀರಿ. 12 ಪೀಸ್ ಜಗಳಕ್ಕೆ 480 ಪೀಸ್ ಹಣ ಯಾಕೆ ನಿಲ್ಲಬೇಕು? ನಮಗೂ ಕಚ್ಚಾ ಮಾಲಿನವರು ಕಾಯಲ್ಲ.

ದರದ ವಿಷಯ. 123 ಅಂತ ಅವರು ಸುಮ್ನೆ ಹಾಕಿರಲ್ಲ. ಪರ್ಚೇಸ್‌ನವರು ಫೋನಲ್ಲಿ "ಆಯ್ತು ಕಳಿಸಿ" ಅಂದಿರ್ತಾರೆ. ಪಿಒ ತಿದ್ದೋದು ಅವರ ಕೆಲಸ, ಅದು ಮಾಡಿರಲ್ಲ. ಸಿಕ್ಕಿಹಾಕಿಕೊಳ್ಳೋದು ನಾವು.

ಹಳೇ ಆಡಿಟರ್

ಮೊದಲನೇ ಮಾತಿಗೆ ನನ್ನ ಒಪ್ಪಿಗೆ ಇದೆ. ತಕರಾರಿಲ್ಲದ ಭಾಗ ಕೊಡಬೇಕು. ಅದಕ್ಕೆ ದಾರಿಯೂ ಇದೆ. ಇದೇ ಬಿಲ್ ರಿವರ್ಸ್ ಮಾಡಿ, ರಿಟರ್ನ್ ಎಂಟ್ರಿ ಹಾಕಿಸಿ, MIROದಲ್ಲಿ ಮತ್ತೆ ಎಂಟ್ರಿ ಮಾಡುವಾಗ ಲೇಔಟ್ `Invoice reduction` ಆರಿಸಿ, ಲೈನ್‌ನಲ್ಲಿ `Vendor error: reduce invoice` ಕೊಡಿ. ಸಪ್ಲೈಯರ್ ಬಿಲ್ ಪ್ರಕಾರ 500, 61,500 ಅಂತ ಒಂದು ಕಡೆ, ನಿಮ್ಮ ಲೆಕ್ಕ 480, 57,600 ಅಂತ ಇನ್ನೊಂದು ಕಡೆ. ಆಗ ಬಿಲ್ ಪೂರ್ತಿ ಮೊತ್ತಕ್ಕೇ ದಾಖಲಾಗುತ್ತದೆ, ವ್ಯತ್ಯಾಸ 3,900ಕ್ಕೆ ಬೇರೆ ಕ್ರೆಡಿಟ್ ಡಾಕ್ಯುಮೆಂಟ್ ಬೀಳುತ್ತದೆ. ಹೋಗೋದು 57,600 ಮಾತ್ರ.

ಆ 3,900ನ್ನ ಒಡೆದು ಸಪ್ಲೈಯರ್‌ಗೆ ಕಳಿಸಿ. ಇದು ಮುಖ್ಯ, ಒಟ್ಟು ಮೊತ್ತ ಕಳಿಸಿದರೆ ಜಗಳ ಮುಗಿಯಲ್ಲ:

ದರ ಜಾಸ್ತಿ: 500 × 3 = 1,500
ಕಡಿಮೆ ಬಂದದ್ದು: 12 × 120 = 1,440
ರಿಜೆಕ್ಟ್: 8 × 120 = 960

ಮೂರಕ್ಕೂ ಉತ್ತರ ಕೊಡೋರು ಬೇರೆ ಬೇರೆ ಜನ. ದರಕ್ಕೆ ಪರ್ಚೇಸ್, ಕಡಿಮೆ ಬಂದದ್ದಕ್ಕೆ ಸ್ಟೋರ್ ಮತ್ತು ಸಾಗಣೆಯವರು, ರಿಜೆಕ್ಟ್‌ಗೆ ಕ್ವಾಲಿಟಿ. ಒಂದು ಇತ್ಯರ್ಥ ಆಗಲಿಲ್ಲ ಅಂತ ಇನ್ನೆರಡು ನಿಲ್ಲೋದು ಬೇಡ.

ಬಿಲ್ ಬಸಣ್ಣ

ಇಷ್ಟೆಲ್ಲ ಯಾಕೆ ಸಾರ್, ಸಪ್ಲೈಯರ್‌ಗೆ ಹೇಳಿ 480ಕ್ಕೆ ಹೊಸ ಬಿಲ್ ತರಿಸಿದ್ರೆ ಆಯ್ತಲ್ಲ? ಕ್ಲೀನ್ ಆಗಿರತ್ತೆ.

ಹಳೇ ಆಡಿಟರ್

ತರಿಸಬಹುದು, ಹಳೇದನ್ನ ಅವರು ಲಿಖಿತವಾಗಿ ರದ್ದು ಮಾಡಿದರೆ ಮಾತ್ರ. ಸಾಮಾನ್ಯವಾಗಿ ಏನಾಗತ್ತೆ ಗೊತ್ತಾ, ಹೊಸ ಬಿಲ್ ಹಳೇ ನಂಬರಿನ ಮುಂದೆ ಒಂದು R ಸೇರಿಸಿಕೊಂಡು ಬರತ್ತೆ. ಡೂಪ್ಲಿಕೇಟ್ ಚೆಕ್ ನೋಡೋದು ಬಿಲ್ ನಂಬರನ್ನ, R ಇದ್ದರೆ ಅದಕ್ಕೆ ಅದು ಬೇರೆ ಬಿಲ್. ಹಳೇದು ಬ್ಲಾಕ್‌ನಲ್ಲಿ ಕೂತಿರತ್ತೆ, ಯಾರೋ ತಿಂಗಳ ಕೊನೆಯಲ್ಲಿ ಬ್ಲಾಕ್ ಲಿಸ್ಟ್ ಖಾಲಿ ಮಾಡೋ ಭರದಲ್ಲಿ ಅದನ್ನೂ ಬಿಡ್ತಾರೆ. ಎರಡೂ ಬಿಲ್‌ಗೆ ಹಣ.

ಅಕೌಂಟ್ಸ್ ಅಕ್ಕ

ಚರ್ಚೆ ಚೆನ್ನಾಗಿದೆ, ನನ್ನದೂ ಇಂಥದ್ದೇ ಒಂದು. ನಮ್ಮಲ್ಲಿ ಏಸಿ ಮೇಂಟೆನೆನ್ಸ್‌ದು, ಸೆಕ್ಯುರಿಟಿಯವರದು ಬಿಲ್ ಬರತ್ತೆ, ಅದಕ್ಕೆ ಜಿಆರ್‌ಎನ್ ಯಾರು ಮಾಡಬೇಕು? ಮಾಲೇ ಬರಲ್ಲವಲ್ಲ. ನಾವು ಜಿಆರ್‌ಎನ್ ಇಲ್ಲದೇ ಪಾಸ್ ಮಾಡ್ತೀವಿ, ತಪ್ಪಾ?

ಗೋದಾಮು ಗುರು

ಅಕ್ಕ, ಇಲ್ಲಿ ಪ್ರಶ್ನೆ ಎಣಿಸೋ ಮಾಲಿನದು. ನಿಮ್ಮದಕ್ಕೆ ಕೆಲಸ ಮಾಡಿಸಿಕೊಂಡ ಡಿಪಾರ್ಟ್‌ಮೆಂಟ್‌ನವರು ಸರ್ವಿಸ್ ಎಂಟ್ರಿ ಮಾಡಿ ಸಹಿ ಹಾಕಬೇಕು, ಅದೇ ಜಿಆರ್‌ಎನ್ ಜಾಗದಲ್ಲಿ. ಬೇರೆ ಥ್ರೆಡ್ ಹಾಕಿ, ಇಲ್ಲಿ ಕಳೆದುಹೋಗತ್ತೆ.

ಡಬ್ಬಿ ಲೆಕ್ಕ

ನಮ್ಮಲ್ಲಿ ನಡೆದದ್ದು ಹೇಳ್ತೀನಿ. ಕೈಗವಸಿಗೆ ಪಿಒ 40 ಬಾಕ್ಸ್‌ಗೆ. ಬಾಕ್ಸ್‌ಗೆ 50 ಜೊತೆ ಅಂತ ಮಾಸ್ಟರ್‌ನಲ್ಲಿ ಇತ್ತು. ಸಪ್ಲೈಯರ್ ಪ್ಯಾಕಿಂಗ್ ಬದಲಿಸಿ ಬಾಕ್ಸ್‌ಗೆ 45 ಹಾಕೋಕೆ ಶುರು ಮಾಡಿದ, ಬಾಕ್ಸ್ ದರ ಅದೇ. ಪಿಒ 40, ಜಿಆರ್‌ಎನ್ 40, ಬಿಲ್ 40. ಎಲ್ಲಾ ಹಸಿರು. ಒಂದು ಸಲಕ್ಕೆ 200 ಜೊತೆ ಕಡಿಮೆ, ಒಂದು ದಾಖಲೆಯಲ್ಲೂ ಕಾಣಲ್ಲ. ಗೊತ್ತಾಗಿದ್ದು ಶಾಪ್ ಫ್ಲೋರ್‌ನವರು "ಕೈಗವಸು ಬೇಗ ಖಾಲಿ ಆಗ್ತಿದೆ" ಅಂತ ಗಲಾಟೆ ಮಾಡಿದಾಗ. ಈಗ ಪಿಒನ್ನೇ ಜೊತೆಗಳ ಲೆಕ್ಕದಲ್ಲಿ ಹಾಕ್ತೀವಿ, ಸ್ಟೋರ್‌ನವರು ಒಂದೆರಡು ಬಾಕ್ಸ್ ಒಡೆದು ಎಣಿಸ್ತಾರೆ.

ಹಳೇ ಆಡಿಟರ್

ಇದು ಚೆನ್ನಾಗಿ ಹೇಳಿದ್ರಿ. ಮೂರು ಕಾಗದ ಒಂದನ್ನೊಂದು ಒಪ್ಪಿದರೆ ಸಾಕಾಗಲ್ಲ, ಮೂರರಲ್ಲಿ ಒಂದಾದರೂ ಮಾಲನ್ನ ಕಣ್ಣಿಂದ ನೋಡಿ ಹುಟ್ಟಿರಬೇಕು. ಅದು ಜಿಆರ್‌ಎನ್. ಅದೇ ನಕಲಾದರೆ ನಿಮ್ಮದು ಹೆಸರಿಗೆ ಮೂರರ ಹೋಲಿಕೆ, ನಿಜದಲ್ಲಿ ಎರಡರದ್ದು.

ಪಾವತಿ ಡೆಸ್ಕ್ ಅವರೇ, ಒಂದು ಕೆಲಸ ಮಾಡಿ. ನಿಮ್ಮ ಮೊದಲ ಲೋಡು 300 ನಿಜವಾಗಿ ಎಣಿಸಿದ್ದಾ ನೋಡಿ. ಜಿಆರ್‌ಎನ್ ಸ್ಕ್ರೀನ್ ತೆರೆದರೆ ಪಿಒದಲ್ಲಿ ಬಾಕಿ ಇರೋ ಕ್ವಾಂಟಿಟಿ ತಾನಾಗಿ ತುಂಬಿಕೊಂಡಿರತ್ತೆ, ಇಲ್ಲದಿದ್ದರೆ ಚಲನ್ ಪಕ್ಕದಲ್ಲೇ ಇರತ್ತೆ, ಅದನ್ನ ನೋಡಿ ಹೊಡೆಯೋದು ಸುಲಭ. ಎಣಿಸಿದ್ದಾ ನಕಲು ಮಾಡಿದ್ದಾ ಅಂತ ತಿಳಿಯೋಕೆ ಗೇಟ್ ರಿಜಿಸ್ಟರ್‌ನ ದಿನಾಂಕ, ಜಿಆರ್‌ಎನ್ ಎಂಟ್ರಿ ಆದ ದಿನಾಂಕ, ಬಿಲ್ ನಿಮ್ಮ ಕೈಗೆ ಬಂದ ದಿನಾಂಕ, ಈ ಮೂರನ್ನ ಪಕ್ಕಪಕ್ಕ ಇಡಿ. ಜಿಆರ್‌ಎನ್ ಗೇಟ್ ದಿನಾಂಕದ ಹತ್ತಿರ ಇದ್ದರೆ ಸರಿ. ಬಿಲ್ ದಿನಾಂಕಕ್ಕೆ ಅಂಟಿಕೊಂಡಿದ್ದರೆ ಅದು ಬಿಲ್ ನೋಡಿ ಮಾಡಿದ ಜಿಆರ್‌ಎನ್ ಇರಬಹುದು. ಒಬ್ಬ ಸಪ್ಲೈಯರ್‌ದು ಹಿಂದಿನ ಇಪ್ಪತ್ತು ಮೂವತ್ತು ಲೋಡು ತೆಗೆದು ನೋಡಿ, ಒಂದರಲ್ಲೂ ಕಡಿಮೆ ಇಲ್ಲ, ಒಂದೂ ರಿಜೆಕ್ಟ್ ಇಲ್ಲ ಅಂದ್ರೆ ಆ ಸಪ್ಲೈಯರ್ ದೇವರು, ಇಲ್ಲ ನಿಮ್ಮ ಸ್ಟೋರ್ ಎಣಿಸ್ತಿಲ್ಲ.

ಗೋದಾಮು ಗುರು

ಸ್ವಲ್ಪ ತಡೀರಿ ಸಾರ್. ತಡವಾದ ಜಿಆರ್‌ಎನ್ ಎಲ್ಲಾ ನಕಲು ಅಂತಲ್ಲ. ಪಿಒ ರಿಲೀಸ್ ಆಗಿರಲ್ಲ, ಮಾಲು ಮೊದಲೇ ಬಂದಿರತ್ತೆ. ನಾವು ಎಣಿಸಿ ಪುಸ್ತಕದಲ್ಲಿ ಬರೆದಿಟ್ಟಿರ್ತೀವಿ, ಸಿಸ್ಟಮ್ ಎಂಟ್ರಿ ಮಾಡೋಕೆ ಬಿಡಲ್ಲ. ಪಿಒ ರಿಲೀಸ್ ಆಗೋದು ಬಿಲ್ ಬಂದಮೇಲೆ. ಆಡಿಟ್‌ನವರು ದಿನಾಂಕ ನೋಡಿ ನಮ್ಮನ್ನ ಹಿಡೀತಾರೆ, ಪರ್ಚೇಸ್ ಪಾರು.

ಹಳೇ ಆಡಿಟರ್

ಅದು ನಿಜ, ಅಂಥದ್ದೂ ನೋಡಿದ್ದೇನೆ. ಆಗ ಆ ಎಣಿಕೆ ಪುಸ್ತಕವೇ ಸಾಕ್ಷಿ. ಅದರಲ್ಲಿ ಸಹಿ, ದಿನಾಂಕ ಇದ್ದರೆ ನಾನು ಒಪ್ಪುತ್ತೇನೆ.

ಪಾವತಿ ಡೆಸ್ಕ್

ನೋಡಿದೆ. ಸ್ವಲ್ಪ ಗಾಬರಿಯೇ ಆಯ್ತು. 188ರ ಜಿಆರ್‌ಎನ್ ಮಾಲು ಬಂದ ಮರುದಿನ ಆಗಿದೆ. ಆದರೆ 300ರದ್ದು ಗಾಡಿ ಬಂದು ಎಷ್ಟೋ ದಿನ ಆದಮೇಲೆ, ಬಿಲ್ ನಮ್ಮ ಟೇಬಲ್‌ಗೆ ಬಂದ ದಿನವೇ ಎಂಟ್ರಿ ಆಗಿದೆ. ಕೇಳಿದ್ರೆ 30 ಬಾಕ್ಸ್ ಬಂತು, ಬಾಕ್ಸ್ ಮೇಲೆ 10 ಅಂತ ಇತ್ತು, ಹಾಗಾಗಿ 300 ಅಂತಾರೆ. ಎಣಿಕೆ ಪುಸ್ತಕದಲ್ಲೂ 30 ಬಾಕ್ಸ್ ಅಂತಲೇ ಇದೆ. ಒಡೆದು ನೋಡಿಲ್ಲ. ಈಗ ಅರ್ಧ ಬಾಕ್ಸ್ ಲೈನ್‌ಗೆ ಹೋಗಿ ಖರ್ಚಾಗಿವೆ.

ಡಬ್ಬಿ ಲೆಕ್ಕ

ಉಳಿದ ಬಾಕ್ಸ್ ಒಡೆದು ನೋಡಿ, ಇವತ್ತೇ. ಎಲ್ಲದರಲ್ಲೂ 10 ಇದ್ದರೆ ನೆಮ್ಮದಿಯಾಗಿರಿ.

ಸಪ್ಲೈಯರ್ ಕಡೆಯವ

ಎಷ್ಟೋ ದಿನ ಆದಮೇಲೆ ಹೋಗಿ ಬಾಕ್ಸ್ ಒಡೆದು ಅದರಲ್ಲೂ ಕಡಿಮೆ ಅಂದ್ರೆ ನಾನಂತೂ ಒಪ್ಪಲ್ಲ. ಅಷ್ಟು ದಿನ ಮಾಲು ನಿಮ್ಮ ಗೋದಾಮಿನಲ್ಲಿತ್ತು.

ಗೋದಾಮು ಗುರು

ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಸೀಲ್ ಒಡೆಯದ ಬಾಕ್ಸ್ ಆದ್ರೆ ಕೇಳಬಹುದು ಅನ್ನಿಸತ್ತೆ, ಸಪ್ಲೈಯರ್ ಕಡೆಯವರನ್ನ ಕರೆಸಿ ಅವರೆದುರೇ ಒಡೆಯಿರಿ.

ಪರ್ಚೇಸ್ ಪಕ್ಷ

ಎಲ್ಲರೂ ಪರ್ಚೇಸ್‌ಗೆ ಬೈತಿದ್ದೀರಿ, ನಾನು ಆ ಕಡೆಯವನು. ಫೋನಲ್ಲಿ ಒಪ್ಪಿಕೊಳ್ಳೋದು ಆಗತ್ತೆ, ಸುಳ್ಳು ಹೇಳಲ್ಲ. ಲೈನ್ ನಿಂತಿರತ್ತೆ, ಸಪ್ಲೈಯರ್ "3 ಜಾಸ್ತಿ ಕೊಟ್ರೆ ಮಾತ್ರ ಎರಡನೇ ಲೋಡು" ಅಂತಾನೆ, ಆಯ್ತು ಅಂತೀವಿ. ಪಿಒ ತಿದ್ದಿದ್ರೆ ಮತ್ತೆ ಅಪ್ರೂವಲ್ ಸುತ್ತು. ಆದರೆ ಒಪ್ಪಿದ್ದು ಎರಡನೇ ಲೋಡಿಗೆ ಮಾತ್ರ ಇರಬೇಕು, ಮೊದಲನೇದಕ್ಕೂ 123 ಹಾಕಿರೋದು ಸಪ್ಲೈಯರ್‌ನ ಕೈಚಳಕ. ನಿಮ್ಮ ಪರ್ಚೇಸ್‌ನವರಿಗೆ ಕೇಳಿ: "ಯಾವ ಲೋಡಿಗೆ ಒಪ್ಪಿದ್ರಿ?" ಎರಡನೇದಕ್ಕೆ ಮಾತ್ರ ಅಂದ್ರೆ ಒಳ್ಳೆ 180ಕ್ಕೆ 3ರಂತೆ 540 ಸೇರಿಸಿ, ಕೊಡಬೇಕಾದ್ದು 58,140.

ಹಳೇ ಆಡಿಟರ್

ಲೆಕ್ಕ ಸರಿ. ಆದರೆ ಆ 540 ಪಿಒ ತಿದ್ದಿ, ಅಪ್ರೂವಲ್ ಆದಮೇಲೆ ಮಾತ್ರ. ಮೇಲ್ ಸಾಲದು. ಪಿಒ 120ರಲ್ಲೇ ಇಟ್ಟು ಪ್ರತಿ ಸಲ ಬ್ಲಾಕ್ ರಿಲೀಸ್ ಮಾಡ್ತಾ ಹೋದರೆ ಮುಂದಿನ ಪಿಒ ಹಾಕುವವರು ಹಳೇ ದರ ನೋಡಿ 120 ಅಂತಲೇ ಹಾಕ್ತಾರೆ, ಮತ್ತೆ ಇದೇ ಕಥೆ.

ಪರ್ಚೇಸ್ ಪಕ್ಷ

ಮಾಲು ಬಂದಮೇಲೆ ಪಿಒ ತಿದ್ದಿದ್ರೆ ಬಿಲ್‌ಗೆ ಹೊಂದಿಸೋಕೆ ತಿದ್ದಿದ್ದೀರಿ ಅಂತ ಬರೆಯೋರೂ ನೀವೇ ಅಲ್ವಾ ಸಾರ್? ತಿದ್ದದಿದ್ರೂ ತಪ್ಪು, ತಿದ್ದಿದ್ರೂ ತಪ್ಪು.

ಹಳೇ ಆಡಿಟರ್

ತಿದ್ದಿದವರು ಮತ್ತು ಅಪ್ರೂವ್ ಮಾಡಿದವರು ಬೇರೆ ಬೇರೆ ಇದ್ದು, ಸಪ್ಲೈಯರ್ ಜೊತೆಗಿನ ಮೇಲ್ ಮಾಲು ಬರೋಕೆ ಮುಂಚಿನ ದಿನಾಂಕದ್ದಾದರೆ ನಾನು ಬರೆಯಲ್ಲ. ಬರೀ ಫೋನ್ ಮಾತಾದರೆ ಬರೀತೀನಿ.

ಪಾವತಿ ಡೆಸ್ಕ್

ಅಪ್‌ಡೇಟ್. ಬಿಲ್ ರಿವರ್ಸ್ ಮಾಡಿದೆ, ರಿಟರ್ನ್ ಎಂಟ್ರಿ ಹಾಕಿಸಿದೆ, ಮತ್ತೆ ಎಂಟ್ರಿ ಮಾಡಿ 57,600 ಬಿಟ್ಟಿದ್ದೇನೆ. ರಿಜೆಕ್ಟ್ ಆದ 8ಕ್ಕೆ ಸಪ್ಲೈಯರ್ ಒಪ್ಪಿದ್ರು, ಬದಲಿ ಮಾಲು ಕಳಿಸ್ತಾರಂತೆ. 12ಕ್ಕೆ ಇನ್ನೂ ಚಲನ್ ಫೋಟೋನೇ ತೋರಿಸ್ತಿದ್ದಾರೆ, ಸಾಗಣೆಯವರನ್ನ ಕೇಳಿ ಅಂತಾರೆ. ದರದ್ದು ಪರ್ಚೇಸ್‌ನವರು "ಎರಡನೇ ಲೋಡಿಗೆ" ಅಂತ ಬಾಯಲ್ಲಿ ಹೇಳಿದ್ದಾರೆ, ಮೇಲ್ ಹುಡುಕ್ತಿದ್ದಾರಂತೆ. ಉಳಿದ ಬಾಕ್ಸ್‌ಗಳನ್ನ ನಾಳೆ ಸಪ್ಲೈಯರ್ ಕಡೆಯವರ ಎದುರು ಒಡೀತೀವಿ.

ಒಂದು ಸಂದೇಹ: ಬದಲಿ 8 ಪೀಸ್ ಬಂದಾಗ ಇದೇ ಪಿಒ ಮೇಲೆ ಜಿಆರ್‌ಎನ್ ಮಾಡಬಹುದಾ, ಇಲ್ಲ ಹೊಸ ಪಿಒ ಬೇಕಾ?

ಗೋದಾಮು ಗುರು

ಇದೇ ಪಿಒ ಸಾಕು. ರಿಟರ್ನ್ ಎಂಟ್ರಿ ಆಗಿರೋದರಿಂದ ಪಿಒದಲ್ಲಿ 20 ಬಾಕಿ ಕಾಣ್ತಿರತ್ತೆ. ಪಿಒ ಲೈನ್‌ನಲ್ಲಿ ಡೆಲಿವರಿ ಕಂಪ್ಲೀಟ್ ಟಿಕ್ ಬಿದ್ದಿದ್ದರೆ ಪರ್ಚೇಸ್‌ನವರಿಂದ ತೆಗೆಸಿ. ಸ್ಕ್ರೀನ್ 20 ಅಂತ ತುಂಬಿಕೊಂಡು ಬರತ್ತೆ, ಅದನ್ನ ಅಳಿಸಿ ಎಣಿಸಿದಷ್ಟೇ ಹಾಕೋಕೆ ನಿಮ್ಮ ಸ್ಟೋರ್‌ನವನಿಗೆ ಹೇಳಿ. ಬದಲಿ ಮಾಲಿನ ಬಿಲ್ 123ಕ್ಕೆ ಬರಬಹುದು, ಅದನ್ನೂ ನೋಡಿಕೊಳ್ಳಿ.